ಬಾಂಡ್ ಕೈಸೇರಿದ ಮೇಲೆ ಮೂವತ್ತು ದಿನ

ಎಫ್‌ಡಿ ನವೀಕರಿಸಲು ಬ್ಯಾಂಕಿಗೆ ಹೋದವರು ವಿಮಾ ಪಾಲಿಸಿ ಹಿಡಿದುಕೊಂಡು ಮನೆಗೆ ಬರುವುದು ನಮ್ಮ ಊರುಗಳಲ್ಲಿ ಹೊಸ ಸಂಗತಿಯೇನಲ್ಲ. ಐವತ್ತೆಂಟರ ಒಬ್ಬ ಗೃಹಿಣಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಲಕ್ಷದ ಠೇವಣಿಯ ಅವಧಿ ಮುಗಿದಿದೆ. ಕೌಂಟರಿನ ಆಚೆಯವರು, 'ಅಮ್ಮಾ, ಎಫ್‌ಡಿಗಿಂತ ಇದು ಒಳ್ಳೇದು, ಬಡ್ಡಿನೂ ಜಾಸ್ತಿ, ವಿಮೆನೂ ಇರತ್ತೆ' ಎನ್ನುತ್ತಾರೆ. ಆಕೆ ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತಾರೆ. ಹತ್ತು ದಿನದ ಮೇಲೆ ಬಾಂಡ್ ಬರುತ್ತದೆ. ಮಗ ಬಿಡಿಸಿ ನೋಡಿದರೆ, ಅದು ಒಂದು ಸಲ ಕಟ್ಟಿ ಮುಗಿಸುವ ಠೇವಣಿಯಲ್ಲ. ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟಬೇಕು, ಹಣ ಕೈಗೆ ಬರುವುದು ಇಪ್ಪತ್ತು ವರ್ಷದ ಮೇಲೆ. ಆ ಹೊತ್ತಿಗೆ ಅಮ್ಮನಿಗೆ ಎಪ್ಪತ್ತೆಂಟು.

ಇಂಥ ಹೊತ್ತಿನಲ್ಲಿ ಬ್ಯಾಂಕಿನವರೊಡನೆ ಜಗಳಕ್ಕೆ ನಿಲ್ಲುವುದಕ್ಕಿಂತ ಮೊದಲು ಕ್ಯಾಲೆಂಡರ್ ನೋಡಬೇಕು. ಹೊಸದಾಗಿ ಕೊಂಡ ಜೀವ ವಿಮಾ ಪಾಲಿಸಿಯನ್ನು ಹಿಂದಿರುಗಿಸಿ ಹಣ ವಾಪಸ್ ಪಡೆಯುವ ಹಕ್ಕು ಪ್ರತಿಯೊಬ್ಬ ಪಾಲಿಸಿದಾರನಿಗೂ ಇದೆ. ಇದನ್ನು ಫ್ರೀ ಲುಕ್ ಅವಧಿ ಎನ್ನುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2002ರಲ್ಲೇ ಇದಕ್ಕೆ ಹದಿನೈದು ದಿನ ಕೊಟ್ಟಿತ್ತು. 2024ರ ಹೊಸ ನಿಯಮಾವಳಿಯಲ್ಲಿ ಇದು ಮೂವತ್ತು ದಿನವಾಗಿದೆ. ಪಾಲಿಸಿಯನ್ನು ಏಜೆಂಟ್ ಮೂಲಕ ಕೊಂಡರೂ, ಬ್ಯಾಂಕಿನಲ್ಲಿ ಕೊಂಡರೂ, ಮೊಬೈಲಿನಲ್ಲಿ ನೀವೇ ಕೊಂಡರೂ ಅಷ್ಟೇ ದಿನ. ಕಾರಣ ಬರೆಯಬೇಕು ನಿಜ, ಆದರೆ ಆ ಕಾರಣ ಸರಿಯೇ ತಪ್ಪೇ ಎಂದು ಕಂಪನಿ ತೀರ್ಪು ಕೊಡುವಂತಿಲ್ಲ. ಕಾರಣ ಯಾವುದೇ ಇರಲಿ, ಹಣ ಹಿಂದಿರುಗಿಸಬೇಕು ಎಂದು ನಿಯಮ ನೇರವಾಗಿಯೇ ಹೇಳುತ್ತದೆ. ಆ ಪಾಲಿಸಿಯಲ್ಲಿ ಯಾವ ಕ್ಲೇಮನ್ನೂ ಮಾಡಿರಬಾರದು ಎಂಬುದೊಂದೇ ಷರತ್ತು.

ಮೂವತ್ತು ದಿನ ಎಲ್ಲಿಂದ ಲೆಕ್ಕ ಎಂಬಲ್ಲೇ ಅನೇಕರು ಎಡವುತ್ತಾರೆ. ಹಣ ಕಟ್ಟಿದ ದಿನದಿಂದಲ್ಲ, ಪಾಲಿಸಿಯ ಮೇಲೆ ಅಚ್ಚಾಗಿರುವ ಆರಂಭದ ದಿನದಿಂದಲೂ ಅಲ್ಲ, ಪಾಲಿಸಿ ದಾಖಲೆ ನಿಮ್ಮ ಕೈಸೇರಿದ ದಿನದಿಂದ. ಕಾಗದದ ಬಾಂಡ್ ಆದರೆ ಅಂಚೆಯವರು ತಂದುಕೊಟ್ಟ ದಿನ, ಇ-ಪಾಲಿಸಿಯಾದರೆ ಇ-ಮೇಲ್ ಬಂದ ದಿನ. ಆದ್ದರಿಂದ ಬಾಂಡ್ ಬಂದ ಲಕೋಟೆಯನ್ನು ಹರಿದು ಬಿಸಾಡಬೇಡಿ. ಸ್ಪೀಡ್ ಪೋಸ್ಟಿನ ಚೀಟಿಯಲ್ಲಿರುವ ಸಂಖ್ಯೆಯಿಂದ ಅದು ಯಾವತ್ತು ತಲುಪಿತು ಎಂದು ತೋರಿಸಬಹುದು. 'ನಾವು ಮೇ ತಿಂಗಳಲ್ಲೇ ಕಳಿಸಿದ್ದೆವು' ಎಂದು ಕಂಪನಿ ಹೇಳಿದರೆ, ಕಳಿಸಿದ ದಿನ ಬೇಡ, ತಲುಪಿದ್ದಕ್ಕೆ ದಾಖಲೆ ಕೊಡಿ ಎಂದು ಕೇಳಬೇಕು.

ಇ-ಪಾಲಿಸಿ ಬಂದ ಮೇಲೆ ಇನ್ನೊಂದು ತೊಡಕು ಶುರುವಾಗಿದೆ. ಅರ್ಜಿ ತುಂಬುವಾಗ ಏಜೆಂಟ್ ತನ್ನದೇ ಇ-ಮೇಲ್ ವಿಳಾಸವನ್ನೋ ಮೊಬೈಲ್ ನಂಬರನ್ನೋ ಬರೆದುಬಿಟ್ಟರೆ, ಕಂಪನಿಯ ಕಡತದಲ್ಲಿ ಪಾಲಿಸಿ ತಲುಪಿದೆ ಎಂದೇ ದಾಖಲಾಗುತ್ತದೆ. ನಿಮಗೆ ಮಾತ್ರ ಏನೂ ಬಂದಿರುವುದಿಲ್ಲ. ಹಣ ಹೋಗಿ ಎರಡು ವಾರವಾದರೂ ಏನೂ ಬರಲಿಲ್ಲವೆಂದರೆ ಕಂಪನಿಯ ಸಹಾಯವಾಣಿಗೆ ನೀವೇ ಕರೆಮಾಡಿ, ತಮ್ಮಲ್ಲಿ ಯಾವ ಇ-ಮೇಲ್, ಯಾವ ನಂಬರ್ ಇದೆ ಎಂದು ವಿಚಾರಿಸುವುದು ಒಳ್ಳೆಯದು. ಏಜೆಂಟನ್ನು ಕೇಳಿದರೆ 'ಬರತ್ತೆ ಬಿಡಿ ಸಾರ್' ಎಂಬ ಉತ್ತರ ಸಿಗುತ್ತದೆ, ದಿನ ಮಾತ್ರ ಓಡುತ್ತಿರುತ್ತದೆ.

ಬಾಂಡ್ ಬಂದಾಗ ಅದನ್ನು ಪೂರ್ತಿ ಓದಬೇಕು ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಓದುವುದಿಲ್ಲ. ಪೂರ್ತಿ ಓದದಿದ್ದರೂ ಎರಡು ಜಾಗ ನೋಡಿದರೆ ಸಾಕು. ಮೊದಲನೆಯದು, ಶೆಡ್ಯೂಲ್ ಎಂಬ ಪುಟ. ಅಲ್ಲಿ ಪಾಲಿಸಿ ಅವಧಿ ಎಷ್ಟು ವರ್ಷ, ಪ್ರೀಮಿಯಂ ಕಟ್ಟುವ ಅವಧಿ ಎಷ್ಟು ವರ್ಷ, ವಿಮಾ ಮೊತ್ತ ಎಷ್ಟು ಎಂದು ಇರುತ್ತದೆ. ಬಾಯಲ್ಲಿ ಹೇಳಿದ್ದು 'ಒಂದೇ ಸಲ', ಪ್ರೀಮಿಯಂ ಕಟ್ಟುವ ಅವಧಿ 10 ಎಂದಿದ್ದರೆ ಅಲ್ಲೇ ಗೊತ್ತಾಯಿತು. ಎರಡನೆಯದು, ನೀವು ಸಹಿ ಹಾಕಿದ ಅರ್ಜಿಯ ನಕಲು. ಅದು ಬಾಂಡಿನ ಜೊತೆಗೇ ಇರುತ್ತದೆ. ಆದಾಯದ ಕಾಲಂನಲ್ಲಿ ಗೃಹಿಣಿಯ ಹೆಸರಿಗೆ ಏಳು ಲಕ್ಷ ವರಮಾನ, ಸಕ್ಕರೆ ಕಾಯಿಲೆ ಇದೆಯೇ ಎಂಬಲ್ಲಿ 'ಇಲ್ಲ' ಎಂದು ತುಂಬಿದ್ದರೆ, ಪಾಲಿಸಿ ನಿಮಗೆ ಇಷ್ಟವಾಗಿದ್ದರೂ ಅದನ್ನು ತಿದ್ದಿಸಬೇಕು, ಇಲ್ಲವೇ ವಾಪಸ್ ಮಾಡಬೇಕು. ನಾಳೆ ಕ್ಲೇಮ್ ಬಂದಾಗ ಆ ಸುಳ್ಳು ಏಜೆಂಟನ ತಲೆಗಲ್ಲ, ನಿಮ್ಮ ತಲೆಗೆ ಕಟ್ಟುತ್ತದೆ.

ಈಗ ಹಣದ ಮಾತು. ವಾಪಸ್ ಬರುವಾಗ ಪೂರ್ತಿ ಬರುವುದಿಲ್ಲ. ಮೂರು ಬಾಬತ್ತಿಗೆ ಕಡಿತ ಮಾಡಬಹುದು, ಮೂರಕ್ಕೆ ಮಾತ್ರ.

ಒಂದು, ವಿಮಾ ರಕ್ಷಣೆ ಇದ್ದಷ್ಟು ದಿನದ ಅಪಾಯದ ಪ್ರೀಮಿಯಂ. ಪಾಲಿಸಿ ಶುರುವಾದ ದಿನದಿಂದ ರದ್ದಾಗುವ ದಿನದವರೆಗೆ ಆಕೆಯ ಜೀವಕ್ಕೆ ನಿಜಕ್ಕೂ ವಿಮೆ ಇತ್ತು. ಆ ನಡುವೆ ಏನಾದರೂ ಆಗಿದ್ದರೆ ಕಂಪನಿ ನಾಮಿನಿಗೆ ವಿಮಾ ಮೊತ್ತ ಕೊಡಬೇಕಿತ್ತು. ಆ ಹೊಣೆಯ ಬೆಲೆಯನ್ನು ದಿನದ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ. ಇದು ನೀವು ಕಟ್ಟಿದ ಪೂರ್ತಿ ಪ್ರೀಮಿಯಂನ ಪಾಲಲ್ಲ ಎಂಬುದನ್ನು ಗಮನಿಸಬೇಕು. ಉಳಿತಾಯದ ಪಾಲಿಸಿಯಲ್ಲಿ ಪ್ರೀಮಿಯಂನ ಬಹುಭಾಗ ಉಳಿತಾಯಕ್ಕೆ ಹೋಗುತ್ತದೆ. ಸಾವಿನ ಅಪಾಯಕ್ಕೆಂದು ಹಿಡಿಯುವುದು ಅದರ ಒಂದು ಸಣ್ಣ ಚೂರು. ವಯಸ್ಸು ಏರಿದಂತೆ, ವಿಮಾ ಮೊತ್ತ ಏರಿದಂತೆ ಈ ಚೂರು ದೊಡ್ಡದಾಗುತ್ತದೆ. ಪಾಲಿಸಿಗೆ ಅಪಘಾತ, ಗಂಭೀರ ಕಾಯಿಲೆ ಮುಂತಾದ ರೈಡರ್ ಜೋಡಿಸಿದ್ದರೆ ಅದರ ಆ ದಿನಗಳ ಪಾಲೂ ಸೇರುತ್ತದೆ.

ಎರಡು, ವೈದ್ಯಕೀಯ ತಪಾಸಣೆಯ ಖರ್ಚು. ಕಂಪನಿ ತನ್ನ ಹಣದಲ್ಲಿ ರಕ್ತಪರೀಕ್ಷೆ, ಇಸಿಜಿ ಮಾಡಿಸಿದ್ದರೆ ಮಾತ್ರ. ತಪಾಸಣೆಯೇ ಆಗಿಲ್ಲವಾದರೆ ಈ ಸಾಲಿನಲ್ಲಿ ಸೊನ್ನೆ ಇರಬೇಕು.

ಮೂರು, ಸ್ಟಾಂಪ್ ಡ್ಯೂಟಿ. ಪಾಲಿಸಿ ಬಾಂಡ್ ಕೂಡ ಕರಾರು ಪತ್ರವೇ, ಅದಕ್ಕೆ ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಿರುತ್ತಾರೆ. ದರ, ವಿಮಾ ಮೊತ್ತದ ಪ್ರತಿ ಸಾವಿರಕ್ಕೆ ಇಪ್ಪತ್ತು ಪೈಸೆ. ಹತ್ತು ಲಕ್ಷದ ಪಾಲಿಸಿಗೆ 200 ರೂಪಾಯಿ, ಒಂದು ಕೋಟಿಯದಕ್ಕೆ 2,000 ರೂಪಾಯಿ. ಈ ಒಂದು ಕಡಿತವನ್ನಂತೂ ಯಾರನ್ನೂ ಕೇಳದೆ ನೀವೇ ತಾಳೆ ನೋಡಬಹುದು.

ಏಜೆಂಟನ ಕಮಿಷನ್, ಕೊರಿಯರ್ ಖರ್ಚು, ಪ್ರೊಸೆಸಿಂಗ್ ಚಾರ್ಜ್, ರದ್ದತಿ ಶುಲ್ಕ ಇವು ಯಾವುವನ್ನೂ ಹಿಡಿಯುವಂತಿಲ್ಲ. ಇನ್ನು ಜಿಎಸ್‌ಟಿಯ ವಿಷಯ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಪ್ರೀಮಿಯಂ ಮೇಲೆ ತೆರಿಗೆಯೇ ಇಲ್ಲದಿರುವುದರಿಂದ ಹೊಸ ಪಾಲಿಸಿಗಳಲ್ಲಿ ಆ ತಲೆನೋವಿಲ್ಲ.

ನಮ್ಮ ಅಮ್ಮನ ಲೆಕ್ಕವನ್ನೇ ಮಾಡಿ ನೋಡೋಣ. ಪ್ರೀಮಿಯಂ ಒಂದು ಲಕ್ಷ, ವಿಮಾ ಮೊತ್ತ ಹತ್ತು ಲಕ್ಷ. ಪಾಲಿಸಿ ಶುರುವಾದದ್ದು ಜೂನ್ 3ಕ್ಕೆ. ಬಾಂಡ್ ಮನೆಗೆ ಬಂದದ್ದು ಜೂನ್ 14ಕ್ಕೆ. ರದ್ದತಿ ಅರ್ಜಿ ಕೊಟ್ಟದ್ದು ಜುಲೈ 9ಕ್ಕೆ. ಬಾಂಡ್ ಬಂದು ಇಪ್ಪತ್ತೈದು ದಿನವಾಗಿದೆ, ಅಂದರೆ ಗಡುವಿನೊಳಗೇ ಇದ್ದಾರೆ. ಆದರೆ ವಿಮಾ ರಕ್ಷಣೆ ಇದ್ದದ್ದು ಜೂನ್ 3ರಿಂದ, ಹಾಗಾಗಿ ಕಡಿತದ ಲೆಕ್ಕಕ್ಕೆ ಮೂವತ್ತಾರು ದಿನ. ಈ ಎರಡು ಎಣಿಕೆಗಳು ಬೇರೆಬೇರೆ ಎಂಬುದು ತಿಳಿಯದೆ 'ಇಪ್ಪತ್ತೈದು ದಿನಕ್ಕೆ ಮೂವತ್ತಾರು ದಿನದ ದುಡ್ಡು ಹಿಡಿದಿದ್ದಾರೆ' ಎಂದು ಸಿಟ್ಟಾಗುವವರಿದ್ದಾರೆ.

ಆ ವಯಸ್ಸಿಗೆ ಅಪಾಯದ ದರ ಸಾವಿರಕ್ಕೆ ವರ್ಷಕ್ಕೆ ಹತ್ತು ರೂಪಾಯಿ ಎಂದು ಇಟ್ಟುಕೊಳ್ಳಿ. ದರ ಕಂಪನಿಯಿಂದ ಕಂಪನಿಗೆ ಬೇರೆ, ನಾವಿಲ್ಲಿ ಅಂದಾಜಿಗೆ ಹಿಡಿದಿದ್ದೇವೆ. ಹತ್ತು ಲಕ್ಷಕ್ಕೆ ವರ್ಷಕ್ಕೆ ಹತ್ತು ಸಾವಿರ ಆಯಿತು. ಮೂವತ್ತಾರು ದಿನಕ್ಕೆ ಸುಮಾರು 986 ರೂಪಾಯಿ. ತಪಾಸಣೆಗೆ 1,200 ಖರ್ಚಾಗಿದೆ ಎನ್ನೋಣ. ಸ್ಟಾಂಪ್ ಡ್ಯೂಟಿ 200. ಒಟ್ಟು ಕಡಿತ 2,386. ಕೈಗೆ ಬರುವುದು 97,614 ರೂಪಾಯಿ. ಲಕ್ಷಕ್ಕೆ ಎರಡೂವರೆ ಸಾವಿರದಷ್ಟೂ ಹೋಗಲಿಲ್ಲ.

ಇದೇ ಆಕೆ ಜುಲೈ ಕಳೆದು ಆಗಸ್ಟ್‌ನಲ್ಲಿ ಎಚ್ಚೆತ್ತುಕೊಂಡಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಫ್ರೀ ಲುಕ್ ದಾಟಿದ ಮೇಲೆ ಉಳಿಯುವ ದಾರಿ ಸರೆಂಡರ್. 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಇಂಥ ಸಾಂಪ್ರದಾಯಿಕ ಪಾಲಿಸಿಗಳಿಗೆ ಒಂದು ವರ್ಷದ ಪ್ರೀಮಿಯಂ ಕಟ್ಟಿ, ಮೊದಲ ವರ್ಷ ಮುಗಿದ ಮೇಲೆ ವಿಶೇಷ ಸರೆಂಡರ್ ಮೌಲ್ಯ ಸಿಗುತ್ತದೆ. ಮುಂಚೆ ಅದೂ ಇರಲಿಲ್ಲ, ಈಗ ಎಷ್ಟೋ ವಾಸಿ. ಆದರೂ ಅದು ಕಟ್ಟಿದ ಲಕ್ಷಕ್ಕಿಂತ ಬಹಳ ಕಡಿಮೆಯೇ. 97 ಸಾವಿರದ ಜೊತೆ ಹೋಲಿಸುವ ಮಾತೇ ಇಲ್ಲ.

ಹಾಗೆಂದು ಎಲ್ಲ ಪಾಲಿಸಿಯಲ್ಲೂ ಕಡಿತ ಇಷ್ಟು ಹಗುರವಾಗಿರುತ್ತದೆ ಎಂದುಕೊಂಡರೆ ತಪ್ಪು. ಮೂರೂ ಬಾಬತ್ತುಗಳನ್ನು ಮತ್ತೊಮ್ಮೆ ನೋಡಿ. ಅಪಾಯದ ಬೆಲೆ, ತಪಾಸಣೆ, ಸ್ಟಾಂಪ್ ಡ್ಯೂಟಿ ಇವು ಮೂರೂ ನಿಂತಿರುವುದು ವಿಮಾ ಮೊತ್ತ ಮತ್ತು ವಯಸ್ಸಿನ ಮೇಲೆ. ನೀವು ಎಷ್ಟು ಪ್ರೀಮಿಯಂ ಕಟ್ಟಿದಿರಿ ಎಂಬುದರ ಮೇಲಲ್ಲ. ಹಾಗಾಗಿ ಪ್ರೀಮಿಯಂ ದೊಡ್ಡದು, ವಿಮೆ ಸಣ್ಣದು ಎಂಬಂಥ ಉಳಿತಾಯದ ಪಾಲಿಸಿಯಲ್ಲಿ ಕಡಿತ ಕಣ್ಣಿಗೆ ಬೀಳುವುದಿಲ್ಲ. ಪ್ರೀಮಿಯಂ ಸಣ್ಣದು, ವಿಮೆ ದೊಡ್ಡದು ಎಂಬಂಥ ಟರ್ಮ್ ಪಾಲಿಸಿಯಲ್ಲಿ ಅದೇ ಕಡಿತ ಜೋರಾಗಿಯೇ ಬೀಳುತ್ತದೆ.

ಮೂವತ್ತರ ಒಬ್ಬ ಹುಡುಗ ಒಂದು ಕೋಟಿಯ ಟರ್ಮ್ ಪಾಲಿಸಿ ಮಾಡಿಸಿದ, ವರ್ಷಕ್ಕೆ 12,000 ರೂಪಾಯಿ. ಆಮೇಲೆ ಸ್ನೇಹಿತನೊಬ್ಬ ಬೇರೆ ಕಂಪನಿಯಲ್ಲಿ 11,000ಕ್ಕೇ ಸಿಗುತ್ತಿತ್ತು ಎಂದ. ಇಪ್ಪತ್ತೈದು ದಿನ ರಕ್ಷಣೆ ಇದ್ದ ಮೇಲೆ ರದ್ದು ಮಾಡಿದರೆ ಏನಾಗುತ್ತದೆ? ಟರ್ಮ್ ಪಾಲಿಸಿಯಲ್ಲಿ ಉಳಿತಾಯದ ಪಾಲಿಲ್ಲ, ಆದ್ದರಿಂದ ಇಡೀ ಪ್ರೀಮಿಯಂ ಅನ್ನೇ ದಿನಕ್ಕೆ ಹಂಚಿದರೆ 822 ರೂಪಾಯಿ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ ತಪಾಸಣೆಗೆ 2,500 ಎನ್ನೋಣ. ಸ್ಟಾಂಪ್ ಡ್ಯೂಟಿ 2,000. ಒಟ್ಟು 5,322 ಹೋಗಿ 6,678 ಬರುತ್ತದೆ. ನೂರಕ್ಕೆ ನಲವತ್ತನಾಲ್ಕರಷ್ಟು ಕಡಿತ! ವರ್ಷಕ್ಕೆ ಸಾವಿರ ಉಳಿಸಲು ಹೋಗಿ ಮೊದಲೇ ಐದು ವರ್ಷದ ಉಳಿತಾಯ ಖರ್ಚಾಯಿತು. ತಿಂಗಳ ಕಂತಿನಲ್ಲಿ ಕೊಂಡಿದ್ದರೆ ಕಟ್ಟಿರುವುದೇ ಸಾವಿರ ಚಿಲ್ಲರೆ. ಕಡಿತ ಅದನ್ನು ಮೀರುವುದರಿಂದ ಕೈಗೆ ಏನೂ ಬಾರದೆ ಹೋಗಬಹುದು. ಕಂಪನಿ ಮೋಸ ಮಾಡಿತು ಎಂದು ಜನ ದೂರುವುದು ಹೆಚ್ಚಾಗಿ ಇಂಥ ಪಾಲಿಸಿಗಳಲ್ಲೇ, ಆದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಟರ್ಮ್ ಪಾಲಿಸಿ ಬದಲಿಸುವ ಮನಸ್ಸಿದ್ದರೆ ಹೊಸ ಕಂಪನಿ ಒಪ್ಪಿಕೊಂಡು ಬಾಂಡ್ ಕೊಡುವ ತನಕ ಹಳೆಯದನ್ನು ಕೈಬಿಡಬಾರದು. ಹೊಸಬರು ರಕ್ತದ ರಿಪೋರ್ಟ್ ನೋಡಿ ಬೇಡ ಎಂದರೆ ಎರಡೂ ಇಲ್ಲದಂತಾಗುತ್ತದೆ.

ಯುಲಿಪ್ ಕೊಂಡವರ ಕಥೆ ಇನ್ನೊಂದು ಬಗೆ. ಅಲ್ಲಿ ಹಣ ಷೇರುಪೇಟೆಗೆ ಹೋಗಿರುತ್ತದೆ, ಆದ್ದರಿಂದ ಏರಿಳಿತವೂ ನಿಮ್ಮದೇ. ಲಕ್ಷ ಕಟ್ಟಿದಾಗ 3,000 ಹಂಚಿಕೆ ಶುಲ್ಕ ಹಿಡಿದು 97,000ಕ್ಕೆ 20 ರೂಪಾಯಿಯಂತೆ 4,850 ಯೂನಿಟ್ ಕೊಟ್ಟರು ಎನ್ನಿ. ರದ್ದತಿಯ ದಿನ ಯೂನಿಟ್ ಬೆಲೆ 19.20 ಆಗಿದ್ದರೆ ಅವುಗಳ ಮೌಲ್ಯ 93,120. ಮೊದಲು ಹಿಡಿದಿದ್ದ ಶುಲ್ಕ 3,000 ವಾಪಸ್ ಸೇರಿಸಬೇಕು, 96,120 ಆಯಿತು. ಇದರಲ್ಲಿ ಮೇಲಿನ ಮೂರು ಕಡಿತ. ಬೆಲೆ 20.60ಕ್ಕೆ ಏರಿದ್ದರೆ ಇದೇ ಲೆಕ್ಕದಲ್ಲಿ 1,02,910ರಿಂದ ಶುರು. ಹಿಡಿದ ಶುಲ್ಕವನ್ನು ವಾಪಸ್ ಸೇರಿಸಿದ್ದಾರೆಯೇ ಎಂಬುದನ್ನೇ ಇಲ್ಲಿ ಮುಖ್ಯವಾಗಿ ನೋಡಬೇಕು. ಈ ಅವಕಾಶ ತಪ್ಪಿದರೆ ಯುಲಿಪ್ ಹಣ ಐದು ವರ್ಷದ ಬೀಗ ಬಿದ್ದಂತೆಯೇ. ಮಧ್ಯೆ ನಿಲ್ಲಿಸಿದರೂ ಕೈಗೆ ಸಿಗುವುದು ಆ ಐದು ವರ್ಷ ಮುಗಿದ ಮೇಲೆ.

ಇಷ್ಟು ಸರಳವಾದ ಹಕ್ಕನ್ನು ಜನ ಯಾಕೆ ಕಳೆದುಕೊಳ್ಳುತ್ತಾರೆ ಎಂದು ಕೇಳಬಹುದು. ಪಾಲಿಸಿ ವಾಪಸ್ಸಾದರೆ ಮಾರಿದವರ ಕಮಿಷನ್ ಕೂಡ ವಾಪಸ್ಸಾಗುತ್ತದೆ. ಮೊದಲ ವರ್ಷದ ಕಮಿಷನ್ ಎಂದರೆ ಸಣ್ಣ ಮೊತ್ತವೇನಲ್ಲ. ಆದ್ದರಿಂದ ಯಾರೂ ನೇರವಾಗಿ 'ಆಗಲ್ಲ' ಎನ್ನುವುದಿಲ್ಲ, ದಿನ ದೂಡುತ್ತಾರೆ. 'ಮ್ಯಾನೇಜರ್ ರಜದಲ್ಲಿದ್ದಾರೆ', 'ಫಾರಂ ನಾನೇ ಮನೆಗೆ ತರ್ತೀನಿ, ನೀವ್ಯಾಕೆ ಓಡಾಡ್ತೀರಿ', 'ಒಂದು ಕಂತು ಕಟ್ಟಿಬಿಡಿ ಅಕ್ಕಾ, ಆಮೇಲೆ ನಿಲ್ಲಿಸಿದ್ರೂ ದುಡ್ಡು ಎಲ್ಲೂ ಹೋಗಲ್ಲ' ಎಂಬ ಮಾತುಗಳಲ್ಲೇ ಮೂವತ್ತು ದಿನ ಸರಿದುಹೋಗುತ್ತದೆ. ಹೆಚ್ಚಿನ ಸಲ ಮಾರಿದವರು ಪರಿಚಯದವರೋ ನೆಂಟರೋ ಆಗಿರುತ್ತಾರೆ. ಮುಖ ಮುರಿಯಲು ಮನಸ್ಸು ಬರುವುದಿಲ್ಲ. ಅದಕ್ಕೇ ಅರ್ಜಿ ಏಜೆಂಟನ ಕೈಗೆ ಹೋಗಬಾರದು, ನೇರ ಕಂಪನಿಗೆ ಹೋಗಬೇಕು.

ಅರ್ಜಿಗೆ ದೊಡ್ಡ ಭಾಷೆಯೇನೂ ಬೇಡ. ಪಾಲಿಸಿ ನಂಬರ್, ಪಾಲಿಸಿ ಕೈಸೇರಿದ ದಿನಾಂಕ, 'ಒಂದೇ ಕಂತು ಎಂದು ಹೇಳಿದ್ದರು, ಪಾಲಿಸಿಯಲ್ಲಿ ಹತ್ತು ವರ್ಷ ಎಂದಿದೆ, ಆದ್ದರಿಂದ ಫ್ರೀ ಲುಕ್ ಅವಧಿಯಲ್ಲಿ ರದ್ದು ಮಾಡಿ ಹಣ ಹಿಂದಿರುಗಿಸಿ' ಎಂಬ ಒಂದು ವಾಕ್ಯ, ಸಹಿ. ಜೊತೆಗೆ ಹೆಸರು ಅಚ್ಚಾಗಿರುವ ಕ್ಯಾನ್ಸಲ್ ಮಾಡಿದ ಚೆಕ್ಕು, ಗುರುತಿನ ಚೀಟಿಯ ನಕಲು, ಕಾಗದದ ಬಾಂಡ್ ಬಂದಿದ್ದರೆ ಅದರ ಮೂಲ ಪ್ರತಿ. ಬಾಂಡ್ ಕೊಡುವ ಮುಂಚೆ ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಗಲಾಟೆಯಾದರೆ ಕೈಯಲ್ಲಿ ಉಳಿಯುವುದು ಅದೊಂದೇ. ಕಂಪನಿಯ ಶಾಖೆಯಲ್ಲಿ ಕೊಟ್ಟು, ನಿಮ್ಮ ನಕಲಿನ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಅಂದೇ ಅದೇ ಪತ್ರವನ್ನು ಪಾಲಿಸಿಯಲ್ಲಿ ಅಚ್ಚಾಗಿರುವ ಇ-ಮೇಲ್ ವಿಳಾಸಕ್ಕೂ ಕಳಿಸಿಬಿಡಿ. ಲೆಕ್ಕಕ್ಕೆ ಬರುವುದು ನೀವು ಕೊಟ್ಟ ದಿನ. ಅವರು ಕಡತ ಬಿಚ್ಚಿದ ದಿನವಲ್ಲ. ಹತ್ತಿರದಲ್ಲಿ ಶಾಖೆ ಇಲ್ಲದಿದ್ದರೆ ಸ್ಪೀಡ್ ಪೋಸ್ಟ್ ಆಗುತ್ತದೆ, ಆದರೆ ಕೊನೆಯ ವಾರಕ್ಕೆ ಬಿಡಬಾರದು.

ಅರ್ಜಿ ಕೊಟ್ಟ ಒಂದೆರಡು ದಿನದಲ್ಲಿ ಕಂಪನಿಯಿಂದ ಸವಿಮಾತಿನ ಕರೆ ಬರುತ್ತದೆ. ಕಂತು ಕಡಿಮೆ ಮಾಡಿಕೊಡುತ್ತೇವೆ, ಬೇರೆ ಪ್ಲಾನಿಗೆ ಬದಲಿಸಿಕೊಡುತ್ತೇವೆ ಎನ್ನುತ್ತಾರೆ. ಆ ಕರೆ ಧ್ವನಿಮುದ್ರಣವಾಗುತ್ತಿರುತ್ತದೆ. ದಾಕ್ಷಿಣ್ಯಕ್ಕೆ 'ಹೂಂ, ನೋಡೋಣ' ಎಂದರೂ ಅರ್ಜಿ ಹಿಂತೆಗೆದುಕೊಂಡರು ಎಂದು ಬರೆದುಕೊಳ್ಳಲು ಸಾಕು. 'ರದ್ದು ಮಾಡಿ, ಹಣ ಹಾಕಿ' ಎಂದಷ್ಟೇ ಹೇಳಿ ಫೋನ್ ಇಡುವುದು ಕ್ಷೇಮ. ಪ್ಲಾನ್ ಬೇಕೆನಿಸಿದರೆ ಹಣ ಬಂದ ಮೇಲೆ ಹೊಸದಾಗಿ ಕೊಳ್ಳಬಹುದಲ್ಲ.

ಅರ್ಜಿ ತಲುಪಿದ ಏಳು ದಿನದೊಳಗೆ ಹಣ ಬ್ಯಾಂಕ್ ಖಾತೆಗೆ ಬರಬೇಕು ಎಂಬುದು ನಿಯಮ. ಬಂದ ಮೊತ್ತದ ಜೊತೆಗೆ ಕಡಿತದ ವಿವರವನ್ನೂ ಬರವಣಿಗೆಯಲ್ಲಿ ಕೇಳಿ. ಮೂರು ಬಾಬತ್ತಿನ ಆಚೆ ನಾಲ್ಕನೆಯ ಸಾಲೊಂದು ಕಂಡರೆ ಅದು ಯಾವ ನಿಯಮದಡಿ ಎಂದು ಪ್ರಶ್ನಿಸಬಹುದು. ತಪಾಸಣೆಯ ಮೊತ್ತ ವಿಪರೀತ ಎನಿಸಿದರೆ ಲ್ಯಾಬಿನ ಬಿಲ್ ತೋರಿಸಿ ಎನ್ನಬಹುದು.

ಉತ್ತರ ಬಾರದಿದ್ದರೆ, ಇಲ್ಲವೇ 'ಗಡುವು ಮೀರಿದೆ' ಎಂಬ ಉತ್ತರ ಬಂದರೆ, ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಬರೆಯಬೇಕು. ಅವರ ಇ-ಮೇಲ್ ಬಾಂಡಿನ ಕೊನೆಯ ಪುಟಗಳಲ್ಲಿರುತ್ತದೆ. ಅದರ ಜೊತೆಗೇ ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲಿ, bimabharosa.irdai.gov.in, ದೂರು ದಾಖಲಿಸಬಹುದು. 155255ಕ್ಕೆ ಕರೆಮಾಡಿಯೂ ದೂರು ಕೊಡಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ, ಐವತ್ತು ಲಕ್ಷದವರೆಗಿನ ತಕರಾರುಗಳನ್ನು ಅಲ್ಲಿಗೆ ಒಯ್ಯಬಹುದು. ಕಂಪನಿ ಕೈಯಾಡಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿಗೆ ಹೋಗುವಾಗ ಬಾಂಡಿನ ಫೋಟೋ, ಸ್ವೀಕೃತಿ ಮುದ್ರೆ ಬಿದ್ದ ನಕಲು, ಅಂಚೆ ಲಕೋಟೆ ಈ ಮೂರೂ ಕಡತದಲ್ಲಿರಲಿ.